ಮೀಟಿಂಗ್‌ಗೆ ಬರಲ್ಲ, ಮುಯ್ಯಿ ಕಳಿಸ್ತೀನಿ

ನಮ್ಮೂರ ಕಡೆ ಮದುವೆಗೆ ಹೋಗೋಕೆ ಆಗದಿದ್ದರೆ ಯಾರೂ ಸುಮ್ಮನೆ ಕೂರೋದಿಲ್ಲ. ಹೋಗುತ್ತಿರೋ ಅಣ್ಣನ ಕೈಲೋ, ಪಕ್ಕದ ಮನೆಯವರ ಕೈಲೋ ಒಂದು ಕವರ್‌ನಲ್ಲಿ ಮುಯ್ಯಿ ಕಳಿಸ್ತಾರೆ. ಅಲ್ಲಿ ಪುಸ್ತಕ ಹಿಡಿದು ಕೂತವರು ಹೆಸರು, ಊರು, ಮೊತ್ತ ಬರೆದುಕೊಳ್ತಾರೆ. ಇವರು ಬಂದಿಲ್ಲ ಅನ್ನೋದು ಮನೆಯವರಿಗೆ ಗೊತ್ತಾಗುತ್ತೆ, ಮರೆತಿಲ್ಲ ಅನ್ನೋದೂ ಗೊತ್ತಾಗುತ್ತೆ. ಇಷ್ಟು ಚೆಂದದ ಪದ್ಧತಿ ನಮಗೆ ಗೊತ್ತಿದೆ. ಆದರೆ ಆಫೀಸಿನ ಮೀಟಿಂಗ್‌ಗೆ ಕರೆ ಬಂದಾಗ ಮಾತ್ರ ನಮಗೆ ಕಾಣೋದು ಎರಡೇ ದಾರಿ. ಒಂದೋ ದಾಕ್ಷಿಣ್ಯಕ್ಕೆ "Yes" ಒತ್ತಿ, ಕ್ಯಾಮೆರಾ ಆಫ್ ಮಾಡಿಕೊಂಡು, ಮ್ಯೂಟ್‌ನಲ್ಲಿ ಕೂತು ಸೊಪ್ಪು ಬಿಡಿಸೋದು. ಇಲ್ಲ ಉತ್ತರವನ್ನೇ ಕೊಡದೆ ಜಾರಿಕೊಳ್ಳೋದು.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ತಂಡದ ಲೀಡ್. ನಮ್ಮ ಪ್ರಾಡಕ್ಟ್ ಮ್ಯಾನೇಜರ್ ಇರೋದು ಕ್ಯಾಲಿಫೋರ್ನಿಯಾದಲ್ಲಿ. ಅವರ ಬೆಳಗಿನ 9 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 9:30. ಮಗಳಿಗೆ ಕಥೆ ಹೇಳಿ ಮಲಗಿಸೋ ಹೊತ್ತು. ವಾರಕ್ಕೊಂದು ಅಂಥ ಮೀಟಿಂಗ್ ಆದರೆ ಪರವಾಗಿಲ್ಲ. ಒಂದು ಹಂತದಲ್ಲಿ ವಾರಕ್ಕೆ ನಾಲ್ಕು ಬರೋಕೆ ಶುರುವಾಯ್ತು, ಅದರಲ್ಲಿ ಮೂರರಲ್ಲಿ ನಾನು ಆಡ್ತಿದ್ದ ಮಾತು ಎರಡೇ: "ಹಾಯ್" ಮತ್ತು "ಥ್ಯಾಂಕ್ಯೂ, ಬೈ".

ಆಗ ಬರಲ್ಲ ಅನ್ನೋದನ್ನ ಶುರು ಮಾಡಿದೆ. ಬರಲ್ಲ ಅಂತ ಹೇಳೋದು ಅಷ್ಟೇನೂ ಕಷ್ಟ ಅಲ್ಲ. ಕಷ್ಟ ಇರೋದು, ನಾವು ಬರದೇ ಇದ್ದರೂ ಆ ಮೀಟಿಂಗ್ ನಿಲ್ಲದ ಹಾಗೆ ನೋಡಿಕೊಳ್ಳೋದರಲ್ಲಿ.

ನನ್ನಿಂದ ಏನು ಬೇಕು?

ಕರೆ ಬಂದ ಕೂಡಲೇ ಕೇಳಿಕೊಳ್ಳಬೇಕಾದ್ದು "ನನಗೆ ಟೈಮ್ ಇದೆಯಾ" ಅಂತಲ್ಲ, "ಅವರಿಗೆ ನನ್ನಿಂದ ಏನು ಬೇಕಾಗಿದೆ" ಅಂತ. ಸಾಮಾನ್ಯವಾಗಿ ಬೇಕಾಗಿರೋದು ಮಾಹಿತಿ, ಅಥವಾ ಒಪ್ಪಿಗೆ, ಅಥವಾ ನಾವೇ.

ಮಾಹಿತಿ ಅಂದರೆ ನಮ್ಮಲ್ಲಿ ಆಗಲೇ ಇರೋದು. ಎಷ್ಟು ಕೆಲಸ ಮುಗಿದಿದೆ, ಎಷ್ಟು ಬಾಕಿ, ಯಾವ ತಾರೀಖು. ಇದಕ್ಕೆ ಇಮೇಲ್ ಸಾಕು. ಮಾತಿಗಿಂತ ಅದೇ ಒಳ್ಳೇದು, ಯಾಕಂದರೆ ಅಂಕಿಗಳು ಕಣ್ಣ ಮುಂದೆ ಇರುತ್ತವೆ. ಒಪ್ಪಿಗೆ ಅಂದರೆ ನಾಲ್ಕು ಜನರ ಮಾತು ಕೇಳಿದ ಮೇಲೆ "ಸರಿ" ಅಥವಾ "ಬೇಡ" ಅನ್ನಬೇಕಾದ್ದು. ಇಲ್ಲಿ ಇಮೇಲ್ ಸೋಲುತ್ತೆ, ನನ್ನ ಉತ್ತರ ಬೇರೆಯವರ ಉತ್ತರದ ಮೇಲೆ ನಿಂತಿರುತ್ತೆ. ಅಂಥ ಕಡೆ ನನ್ನ ಪರವಾಗಿ ಮಾತಾಡೋ ಒಬ್ಬರು ಅಲ್ಲಿರಬೇಕು. ಇನ್ನು ನಾವೇ ಬೇಕಾದ ಮೀಟಿಂಗ್‌ಗಳು. ನಮ್ಮ ಕೆಲಸದ ಬಗ್ಗೆಯೇ ದೂರು ಬಂದಿದ್ದಾಗ, ತಂಡದವರೊಬ್ಬರು ಬೇಜಾರಾಗಿ "ಮಾತಾಡಬೇಕು" ಅಂದಾಗ, ಹೊಸ ಗ್ರಾಹಕರ ಮೊದಲ ಭೇಟಿಯಲ್ಲಿ, ಬಾಸ್ ಜೊತೆಗಿನ ಇಬ್ಬರೇ ಕೂರೋ ಮಾತುಕತೆಯಲ್ಲಿ. ಇಂಥವಕ್ಕೆ ಇಮೇಲ್ ಕಳಿಸಿದರೂ, ಜನ ಕಳಿಸಿದರೂ ಅವಮಾನ ಮಾಡಿದ ಹಾಗೇ. ಹೋಗಲೇಬೇಕು, ಇಲ್ಲ ಬೇರೆ ಸಮಯ ಕೇಳಬೇಕು.

ಬರೀ ತಲೆಬರಹ ಹಾಕಿ, ವಿಷಯವನ್ನೇ ಬರೆಯದೆ ಕರೆ ಕಳಿಸೋ ಮಹಾಶಯರು ತುಂಬಾ ಜನ ಇದ್ದಾರೆ. "ಸಿಂಕ್ ಅಪ್" ಅಂತಿರುತ್ತೆ, ಅಷ್ಟೇ. ಅವರಿಗೆ ನಾನು ಒಂದು ಸಾಲು ಬರೀತೀನಿ: "ಈ ಮೀಟಿಂಗ್‌ನಲ್ಲಿ ನನ್ನಿಂದ ಯಾವ ವಿಷಯಕ್ಕೆ ಉತ್ತರ ಬೇಕು ಅಂತ ತಿಳಿಸಿದರೆ ಸಿದ್ಧವಾಗಿರ್ತೀನಿ." ಎಷ್ಟೋ ಸಲ ಬರೋ ಉತ್ತರ "ಓ, ನೀವು ಬೇಕಾಗಿಲ್ಲ, ಎಫ್‌ವೈಐಗೆ ಸೇರಿಸಿದ್ದೆ" ಅಂತ!

ಒಂದು ಬುಧವಾರದ ಲೆಕ್ಕ

ಒಂದು ಉದಾಹರಣೆಯನ್ನ ಪೂರ್ತಿ ಹೇಳ್ತೀನಿ. ಸೋಮವಾರ ಮಧ್ಯಾಹ್ನ ಕರೆ ಬಂತು. ಬುಧವಾರ ರಾತ್ರಿ 9:30ಕ್ಕೆ, ಒಂದು ಗಂಟೆ, 14 ಜನ. ವಿಷಯ: ಶುಕ್ರವಾರದ ರಿಲೀಸ್‌ಗೆ ನಾವು ಸಿದ್ಧವೇ? ನನಗೆ ಆ ರಾತ್ರಿ ಮನೆಯಲ್ಲಿ ಇರಲೇಬೇಕಿತ್ತು. ಕಾರಣ ಇಲ್ಲೂ ಬರೆಯಲ್ಲ, ಅಲ್ಲೂ ಬರೆದಿರಲಿಲ್ಲ. ಅದರ ಬಗ್ಗೆ ಆಮೇಲೆ ಹೇಳ್ತೀನಿ.

ಮೊದಲು ಪಾಲು ಮಾಡಿಕೊಂಡೆ. ಅವರಿಗೆ ಬೇಕಿದ್ದ ಮಾಹಿತಿ, ಟೆಸ್ಟಿಂಗ್ ಎಲ್ಲಿಗೆ ಬಂದಿದೆ ಅನ್ನೋದು. ಒಟ್ಟು 412 ಟೆಸ್ಟ್, ಅದರಲ್ಲಿ 398 ಪಾಸ್, 9 ಫೇಲ್, 5 ಇನ್ನೂ ಓಡಿಸಿಲ್ಲ. ಆ 9ರಲ್ಲಿ 7 ಫೇಲ್ ಆಗಿದ್ದು ನಮ್ಮ ಟೆಸ್ಟ್ ಸರ್ವರ್ ಕೈಕೊಟ್ಟಿದ್ದರಿಂದ, ಸಾಫ್ಟ್‌ವೇರ್ ತಪ್ಪಲ್ಲ. ಉಳಿದ ಎರಡು ನಿಜವಾದ ದೋಷ. ಒಂದು, ಯಾವುದೋ ಮೂಲೆಯಲ್ಲಿ ಅಕ್ಷರ ಬಟನ್‌ನಿಂದ ಆಚೆ ಹೋಗೋದು. ಅದನ್ನ ಯಾರೂ ಕೇಳಲ್ಲ. ಇನ್ನೊಂದು ಗಂಭೀರ: ಹೊಸದಾಗಿ ಸೇರಿಸಿದ್ದ ಒಂದೇ ಕ್ಲಿಕ್ಕಿನ ಪಾವತಿಯಲ್ಲಿ, ಹಳೇ ಫೋನ್‌ಗಳಲ್ಲಿ ಹಣ ಕಟ್ಟಿ ಹಿಂದಕ್ಕೆ ಒತ್ತಿದರೆ ಅದೇ ಆರ್ಡರ್ ಎರಡು ಸಲ ಹೋಗ್ತಿತ್ತು. ಗ್ರಾಹಕರ ಹಣ ಎರಡು ಸಲ ಕಟ್ ಆಗೋ ವಿಷಯ.

ಅವರಿಗೆ ಬೇಕಿದ್ದ ಒಪ್ಪಿಗೆ: ಈ ದೋಷ ಇಟ್ಟುಕೊಂಡು ಶುಕ್ರವಾರ ಹೋಗಬಹುದಾ? ಇದಕ್ಕೆ ಇಮೇಲ್‌ನಲ್ಲಿ "ಬೇಡ" ಅಂತ ಒಂದೇ ಮಾತಲ್ಲಿ ಬರೆದು ಕೂರೋಕೆ ಆಗಲ್ಲ. ಡೆವಲಪರ್‌ಗಳು "ನಾಳೆಗೆ ಸರಿ ಮಾಡ್ತೀವಿ" ಅಂದರೆ ಒಂದು ಉತ್ತರ, "ಈ ಪಾವತಿ ಸೌಲಭ್ಯವನ್ನೇ ಸದ್ಯಕ್ಕೆ ಆಫ್ ಮಾಡ್ತೀವಿ" ಅಂದರೆ ಇನ್ನೊಂದು ಉತ್ತರ. ಹಾಗಾಗಿ ಅಂಕಿಗಳಿಗೆ ಇಮೇಲ್, ಒಪ್ಪಿಗೆಗೆ ಪ್ರತಿನಿಧಿ ಅಂತ ತೀರ್ಮಾನ ಮಾಡಿದೆ.

ಪಾವತಿ ಭಾಗವನ್ನ ಪೂರ್ತಿ ಟೆಸ್ಟ್ ಮಾಡಿದ್ದು ದಾವಣಗೆರೆ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ಆ ದೋಷ ಕಂಡು ಹಿಡಿದಿದ್ದೂ ಅವನೇ. ಕರೆದು ಹೇಳಿದೆ. ಅವನ ಮುಖ ಸಣ್ಣದಾಯ್ತು.

"ಮೇಡಂ, ಅಲ್ಲಿ ಡೈರೆಕ್ಟರ್ ಎಲ್ಲ ಇರ್ತಾರೆ. ನಾನ್ ಹೋಗಿ ಏನ್ ಮಾತಾಡ್ಲಿ?"

"ನೀನು ಕಂಡಿದ್ದನ್ನ ಮಾತಾಡು. ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು."

"ಅವರು ಪರವಾಗಿಲ್ಲ, ಹೋಗೋಣ ಅಂದ್ಬಿಟ್ರೆ?"

ಈ ಪ್ರಶ್ನೆಯೇ ಮುಖ್ಯ. ನಮ್ಮ ಬದಲಿಗೆ ಹೋಗೋರಿಗೆ "ಹೋಗಿ ಕೂತಿರು, ಏನಾಯ್ತು ಅಂತ ಹೇಳು" ಅಂತ ಕಳಿಸಿದರೆ ನಾವು ಕಳಿಸಿದ್ದು ಪ್ರತಿನಿಧಿಯನ್ನಲ್ಲ, ಟೇಪ್ ರೆಕಾರ್ಡರನ್ನ. ಇದು ಸುಮ್ಮನೆ ಹೇಳೋ ಮಾತಲ್ಲ. ಹಿಂದೆ ಬೇರೆ ತಂಡದ ಮ್ಯಾನೇಜರ್ ಒಬ್ಬರು ಹೀಗೇ ಒಬ್ಬ ಹುಡುಗಿಯನ್ನ ಕಳಿಸಿದ್ದರು. ಪ್ರತಿ ಪ್ರಶ್ನೆಗೂ ಅವಳು "ಕೇಳಿ ಹೇಳ್ತೀನಿ" ಅಂತಿದ್ದಳು, ಪಾಪ. 45 ನಿಮಿಷ ಹನ್ನೊಂದು ಜನ ಕೂತು, ಕೊನೆಗೆ ಅದೇ ಮೀಟಿಂಗನ್ನ ಶುಕ್ರವಾರಕ್ಕೆ ಮತ್ತೆ ಇಟ್ಟರು. ಬರದೇ ಇದ್ದವರನ್ನ ಯಾರೂ ಬೈಯಲಿಲ್ಲ, ಬಂದಿದ್ದ ಹುಡುಗಿಗೇ "ತಯಾರಾಗಿ ಬರಲ್ಲ" ಅನ್ನೋ ಹೆಸರು ಬಂತು.

ಇಲ್ಲೊಂದು ತಮಾಷೆ ಇದೆ. 2013ರ ಕಂಪನಿ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಷೇರುದಾರರು ತಮ್ಮ ಬದಲಿಗೆ ಸಭೆಗೆ ಪ್ರಾಕ್ಸಿ ಕಳಿಸಬಹುದು. ಆದರೆ ಆ ಪ್ರಾಕ್ಸಿಗೆ ಸಭೆಯಲ್ಲಿ ಮಾತಾಡೋ ಹಕ್ಕಿಲ್ಲ, ಮತದಾನ ಕರೆದಾಗ ಮತ ಹಾಕಬಹುದು ಅಷ್ಟೇ. ನಮ್ಮ ಆಫೀಸುಗಳಲ್ಲಿ ಉಲ್ಟಾ. ಕಳಿಸಿದವರಿಗೆ ಮಾತಾಡೋಕೆ ಬಿಡ್ತೀವಿ, ಮತ ಮಾತ್ರ ಕೊಡಲ್ಲ.

ನಾನು ಹುಡುಗನ ಜೊತೆ ಹತ್ತು ನಿಮಿಷ ಕೂತು ಅವನ ಗಡಿ ಬರೆದುಕೊಟ್ಟೆ. ಆ ಪಾವತಿ ಸೌಲಭ್ಯವನ್ನ ಆಫ್ ಮಾಡಿ ಉಳಿದದ್ದು ಶುಕ್ರವಾರ ಹೋಗೋದಾದರೆ, ಅಲ್ಲೇ ಒಪ್ಪಿಕೋ. ಸರಿ ಮಾಡಿ ಕೊಡ್ತೀವಿ ಅಂದರೆ, ಮತ್ತೆ ಟೆಸ್ಟ್ ಮಾಡೋಕೆ ಒಂದು ಪೂರ್ತಿ ದಿನ ಕೇಳು. ಸೋಮವಾರದವರೆಗೆ ಮುಂದೂಡೋಕೆ ನಮ್ಮ ಅಭ್ಯಂತರ ಇಲ್ಲ. ದೋಷ ಹಾಗೇ ಇಟ್ಟು, ಸೌಲಭ್ಯ ಆನ್ ಇಟ್ಟು ಹೋಗೋಣ ಅಂದರೆ, ಟೆಸ್ಟಿಂಗ್ ತಂಡದ ಒಪ್ಪಿಗೆ ಇಲ್ಲ ಅಂತ ಹೇಳು, ಎಷ್ಟೇ ದೊಡ್ಡವರು ಕೇಳಿದರೂ. ಈ ಮೂರರ ಆಚೆ ಏನೇ ಬಂದರೂ "ಅದಕ್ಕೆ ನಾಳೆ ಬೆಳಗ್ಗೆ 10 ಗಂಟೆಯೊಳಗೆ ಮೇಡಂ ಉತ್ತರ ಬರುತ್ತೆ" ಅನ್ನು.

ಆ 10 ಗಂಟೆಯನ್ನ ಲೆಕ್ಕ ಹಾಕಿಯೇ ಇಟ್ಟಿದ್ದು. ನಮ್ಮ ಗುರುವಾರ ಬೆಳಗ್ಗೆ 10 ಅಂದರೆ ಅಲ್ಲಿ ಇನ್ನೂ ಬುಧವಾರ ರಾತ್ರಿ 9:30. ಅವರು ಗುರುವಾರ ಬೆಳಗ್ಗೆ ಎದ್ದು ಫೋನ್ ನೋಡೋ ಹೊತ್ತಿಗೆ ನಮ್ಮ ಉತ್ತರ ಕೂತಿರುತ್ತೆ. ಅಂದರೆ ಅವರ ಗುರುವಾರದ ಕೆಲಸದ ಒಂದು ಗಂಟೆಯೂ ಹಾಳಾಗಲ್ಲ.

ಬರೆದ ಪತ್ರ

ಕರೆ ಬಂದ ದಿನವೇ, ಸೋಮವಾರ ಸಂಜೆ ಕರೆದವರಿಗೆ ಬರೆದೆ. ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಬರೆಯೋದು. ಇಲ್ಲಿ ಅದರ ಹುರುಳನ್ನ ಕನ್ನಡದಲ್ಲಿ ಕೊಡ್ತಿದ್ದೀನಿ.

"ಬುಧವಾರದ ಮೀಟಿಂಗ್‌ಗೆ ನನಗೆ ಬರಲು ಆಗುತ್ತಿಲ್ಲ. ಟೆಸ್ಟಿಂಗ್‌ನ ಈಗಿನ ಸ್ಥಿತಿ, ಬಾಕಿ ಇರುವ ಎರಡು ದೋಷಗಳ ವಿವರ ಮತ್ತು ನಮ್ಮ ಸಲಹೆಯನ್ನು ಬುಧವಾರ ಸಂಜೆ 5ರೊಳಗೆ ಎಲ್ಲರಿಗೂ ಇಮೇಲ್ ಮಾಡುತ್ತೇನೆ. ಮೀಟಿಂಗ್‌ಗೆ ನನ್ನ ಬದಲು ಪಾವತಿ ಭಾಗವನ್ನು ಟೆಸ್ಟ್ ಮಾಡಿರುವ ನಮ್ಮ ತಂಡದ ಸದಸ್ಯರು ಬರುತ್ತಾರೆ. ಶುಕ್ರವಾರದ ರಿಲೀಸ್ ಕುರಿತು ಟೆಸ್ಟಿಂಗ್ ತಂಡದ ಪರವಾಗಿ ತೀರ್ಮಾನ ಹೇಳುವ ಅಧಿಕಾರ ಅವರಿಗಿದೆ. ಅವರ ವ್ಯಾಪ್ತಿ ಮೀರಿದ ಪ್ರಶ್ನೆಗೆ ನಾನು ಗುರುವಾರ ಭಾರತದ ಸಮಯ ಬೆಳಗ್ಗೆ 10ರೊಳಗೆ ಉತ್ತರಿಸುತ್ತೇನೆ. ನಾನೇ ಇರಬೇಕಾದ ವಿಷಯ ಏನಾದರೂ ಇದ್ದರೆ ನಾಳೆಯೊಳಗೆ ತಿಳಿಸಿ, ಬೇರೆ ಸಮಯ ನೋಡೋಣ."

ಗಮನಿಸಿ, ಇದರಲ್ಲಿ ಕ್ಷಮೆ ಇಲ್ಲ, ಕಾರಣವೂ ಇಲ್ಲ. ಕಾರಣ ಬರೆದರೆ ಅದು ಚರ್ಚೆಗೆ ಬೀಳುತ್ತೆ. "ಅತ್ತೆಯವರನ್ನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಬೇಕು" ಅಂತ ಬರೆದು ನೋಡಿ, "ಹಾಗಾದರೆ 10:30ಕ್ಕೆ ಇಟ್ಟುಕೊಳ್ಳೋಣ್ವಾ?" ಅಂತ ಬರುತ್ತೆ. ಪಾಪ, ಅವರು ಒಳ್ಳೇ ಮನಸ್ಸಿನಿಂದಲೇ ಕೇಳೋದು! ಇನ್ನೊಂದು, "ಬರೋಕೆ ಪ್ರಯತ್ನ ಮಾಡ್ತೀನಿ" ಅನ್ನೋ ನಮ್ಮ ಕನ್ನಡದ ಸೌಜನ್ಯ. ನಮ್ಮಲ್ಲಿ ಅದಕ್ಕೆ "ಬರಲ್ಲ" ಅಂತಲೇ ಅರ್ಥ, ಎಲ್ಲರಿಗೂ ಗೊತ್ತು. ಕ್ಯಾಲಿಫೋರ್ನಿಯಾದವರು ಅದನ್ನ ನಂಬಿ ಕಾಯ್ತಾ ಕೂರ್ತಾರೆ.

ಕೊನೆಯ ವಾಕ್ಯವನ್ನ ಬಿಡಬೇಡಿ. ನನ್ನ ಅಂದಾಜು ತಪ್ಪಿರಬಹುದು, ನನಗೆ ಗೊತ್ತಿಲ್ಲದ ಯಾವುದೋ ಕಾರಣಕ್ಕೆ ಅವರಿಗೆ ನಾನೇ ಬೇಕಾಗಿರಬಹುದು. ಹೇಳೋಕೆ ಅವರಿಗೆ ಒಂದು ಬಾಗಿಲು ತೆಗೆದಿರಬೇಕು. ಅದಕ್ಕೇ ಈ ಪತ್ರ ಮೀಟಿಂಗ್‌ಗೆ ಎರಡು ದಿನ ಇರುವಾಗಲೇ ಹೋಗಬೇಕು. ಹತ್ತು ನಿಮಿಷ ಮುಂಚೆ ಕಳಿಸಿದ "ಬರೋಕಾಗ್ತಿಲ್ಲ" ಎಷ್ಟು ಚೆನ್ನಾಗಿ ಬರೆದಿದ್ದರೂ ಕೈಕೊಟ್ಟ ಹಾಗೇ ಕಾಣುತ್ತೆ.

ಬುಧವಾರದ ಇಮೇಲ್ ಬಗ್ಗೆ ಒಂದೇ ಮಾತು. ಮೊದಲ ಸಾಲಲ್ಲೇ ತೀರ್ಮಾನ ಬರೆದಿದ್ದೆ: "ಒಂದೇ ಕ್ಲಿಕ್ಕಿನ ಪಾವತಿಯನ್ನು ಆಫ್ ಮಾಡಿದರೆ ಶುಕ್ರವಾರ ಹೋಗಬಹುದು, ಆನ್ ಇದ್ದರೆ ಬೇಡ." ಅಂಕಿಗಳು ಆಮೇಲೆ. ಮೇಲಿಂದ ಕೆಳಗೆ ಕಥೆ ಹೇಳ್ತಾ ಹೋದರೆ ಫೋನಿನಲ್ಲಿ ಓದೋರು ಮೂರನೇ ಸಾಲಿಗೇ ಬಿಡ್ತಾರೆ, ಆಮೇಲೆ ಮೀಟಿಂಗ್‌ನಲ್ಲಿ "ಟೆಸ್ಟಿಂಗ್ ಸ್ಥಿತಿ ಏನು?" ಅಂತ ಮತ್ತೆ ಮೊದಲಿಂದ ಕೇಳ್ತಾರೆ.

ಬಟನ್‌ಗಳ ಕಥೆ

ಪತ್ರ ಬರೆದ ಮೇಲೆ ಕ್ಯಾಲೆಂಡರ್‌ನಲ್ಲೂ ಉತ್ತರ ಕೊಡಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ನಿಮ್ಮ ಹೆಸರು ಉತ್ತರ ಕೊಡದವರ ಜೊತೆ ಉಳಿಯುತ್ತೆ. ಗೂಗಲ್ ಕ್ಯಾಲೆಂಡರ್‌ನಲ್ಲಿ "No" ಒತ್ತುವಾಗ ಜೊತೆಗೆ ಒಂದು ಟಿಪ್ಪಣಿ ಸೇರಿಸೋ ಅವಕಾಶ ಇದೆ. ಅಲ್ಲಿ "ನನ್ನ ಬದಲು ಇಂಥವರು ಬರ್ತಾರೆ" ಅಂತ ಅರ್ಧ ಸಾಲು ಹಾಕಿ. ಪ್ರತಿ ವಾರ ಬರೋ ಮೀಟಿಂಗ್ ಆಗಿದ್ದರೆ ಹುಷಾರು: "This event" ಅಂತಲೇ ಆರಿಸಬೇಕು. "All events" ಒತ್ತಿದರೆ ಮುಂದಿನ ಎಲ್ಲ ವಾರಕ್ಕೂ ಬರಲ್ಲ ಅಂದ ಹಾಗೆ.

ಔಟ್‌ಲುಕ್‌ನ ಹಳೇ ಆವೃತ್ತಿ ಬಳಸೋರಿಗೆ "Decline" ಒತ್ತಿದರೆ ಮೂರು ಆಯ್ಕೆ ಬರುತ್ತೆ. "Edit the Response before Sending" ಅನ್ನೋದೇ ನಮಗೆ ಬೇಕಾದ್ದು. ಮೂರನೇದು "Do Not Send a Response". ಅದನ್ನ ಒತ್ತಿದರೆ ನಿಮ್ಮ ಕ್ಯಾಲೆಂಡರ್‌ನಿಂದ ಮೀಟಿಂಗ್ ಮಾಯ, ಆದರೆ ಕರೆದವರಿಗೆ ಸುದ್ದಿಯೇ ಇಲ್ಲ. ಹೇಳಿದೀನಿ ಅಂತ ನೀವಂದುಕೊಂಡಿರ್ತೀರಿ, ಅವರು ಕಾಯ್ತಿರ್ತಾರೆ.

ಪ್ರತಿನಿಧಿಗೆ ಕರೆಯನ್ನ ಫಾರ್ವರ್ಡ್ ಮಾಡೋದು ಮಾತ್ರ ಕರೆದವರಿಗೆ ತಿಳಿಸಿದ ಮೇಲೆ. ಸಂಬಳ, ಕೆಲಸದಿಂದ ತೆಗೆಯೋದು, ಗ್ರಾಹಕರ ಗುಟ್ಟಿನ ವಿಷಯ ಇರೋ ಮೀಟಿಂಗ್‌ಗೆ ಯಾರನ್ನು ಸೇರಿಸಬಹುದು ಅನ್ನೋದು ಅವರ ತೀರ್ಮಾನ, ನಮ್ಮದಲ್ಲ. ಕೆಲವರು ಮುಂದಕ್ಕೆ ಕಳಿಸೋಕೆ ಆಗದ ಹಾಗೆ ಬಂದ್ ಮಾಡಿರ್ತಾರೆ. ಆಗ ಹೆಸರು ಸೇರಿಸಿ ಅಂತ ಅವರನ್ನೇ ಕೇಳಬೇಕು.

ಆ ರಾತ್ರಿ ಆಗಿದ್ದು

ಹುಡುಗನಿಗೆ ನಾನು ಹೇಳಿದ್ದ ಇನ್ನೊಂದು ಕೆಲಸ ಅಂದರೆ, ಮೀಟಿಂಗ್ ಮುಗಿದ ಕೂಡಲೇ ಐದು ಸಾಲು ಬರೆದು ಎಲ್ಲರಿಗೂ ಕಳಿಸೋದು. ಏನು ತೀರ್ಮಾನ, ಯಾರು ಏನು ಮಾಡ್ತಾರೆ, ಯಾವತ್ತಿಗೆ, ಯಾವುದು ಬಾಕಿ. ನನಗೊಬ್ಬಳಿಗೇ ಕಳಿಸೋದಲ್ಲ, 14 ಜನಕ್ಕೂ. ಅವನು ಅಲ್ಲಿ ಹೇಳಿದ್ದಕ್ಕೆ ಅದು ದಾಖಲೆ.

ಗುರುವಾರ ಬೆಳಗ್ಗೆ ಎದ್ದಾಗ ಆ ಇಮೇಲ್ ಇತ್ತು. ಮೀಟಿಂಗ್ 25 ನಿಮಿಷಕ್ಕೇ ಮುಗಿದಿತ್ತು. ಡೈರೆಕ್ಟರ್ ಒಬ್ಬರು, ಹಳೇ ಫೋನ್ ಬಳಸೋರು ಕಡಿಮೆ ಜನ ತಾನೇ, ಆನ್ ಇಟ್ಟೇ ಹೋಗೋಣ ಅಂದಿದ್ದರಂತೆ. ಹುಡುಗ ಸ್ಕ್ರೀನ್ ಹಂಚಿಕೊಂಡು, ಹಣ ಎರಡು ಸಲ ಕಟ್ ಆಗೋದನ್ನ ಅಲ್ಲೇ ಮಾಡಿ ತೋರಿಸಿ, "ಟೆಸ್ಟಿಂಗ್ ತಂಡದ ಒಪ್ಪಿಗೆ ಇಲ್ಲ" ಅಂದಿದ್ದಾನೆ. ಸೌಲಭ್ಯ ಆಫ್ ಮಾಡಿ ಹೋಗೋದು ಅಂತ ನಿರ್ಧಾರವಾಗಿದೆ. ನಾನಾಗಿದ್ದರೆ ಇಷ್ಟು ಚೆನ್ನಾಗಿ ತೋರಿಸೋಕೆ ಆಗ್ತಿರಲಿಲ್ಲ, ಆ ದೋಷ ಬರೋ ಹಾಗೆ ಮಾಡೋ ಕೈಚಳಕ ಅವನಿಗೇ ಗೊತ್ತಿದ್ದದ್ದು.

ಬಾಕಿ ಅಂತ ಒಂದು ಪ್ರಶ್ನೆ ಇತ್ತು. ಆಫ್ ಮಾಡಿದ ಸೌಲಭ್ಯವನ್ನ ಮುಂದಿನ ವಾರ ಮತ್ತೆ ಆನ್ ಮಾಡುವಾಗ ಎಷ್ಟು ದಿನ ಟೆಸ್ಟಿಂಗ್ ಬೇಕು? ಗಡಿಯ ಆಚೆಯದು ಅಂತ ಅವನು ಅಲ್ಲಿ ಬಾಯಿ ಬಿಟ್ಟಿರಲಿಲ್ಲ. 9:40ಕ್ಕೆ "ಎರಡು ದಿನ" ಅಂತ ಬರೆದು ಕಳಿಸಿದೆ. ಇಲ್ಲಿ ಇನ್ನೊಂದು ಅಪಾಯ ಇರುತ್ತೆ: ಬೆಳಗ್ಗೆ ಎದ್ದು, ನಮ್ಮವರು ಒಪ್ಪಿಕೊಂಡಿದ್ದನ್ನ ನಾವೇ ತಿರುಗಿಸೋದು. ಒಂದು ಸಲ ಹಾಗೆ ಮಾಡಿದರೆ ಮುಂದಿನ ಸಲ ನಿಮ್ಮ ಪ್ರತಿನಿಧಿಯನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, "ಅವರೇ ಬರಲಿ" ಅಂತಾರೆ. ಸೋಮವಾರದ ಬದಲು ಮಂಗಳವಾರ ಅಂತ ಅವನು ಒಪ್ಪಿಕೊಂಡು ಬಂದಿದ್ದರೂ ನಾನು ಸುಮ್ಮನಿರ್ತಿದ್ದೆ.

"ಮೀಟಿಂಗ್‌ಗೆ ಹೋಗದಿದ್ದರೆ ಮೇಲಿನವರ ಕಣ್ಣಿಗೆ ಬೀಳಲ್ಲ, ಅಪ್ರೈಸಲ್‌ಗೆ ತೊಂದರೆ" ಅಂತ ಗೆಳತಿಯರು ಹೇಳ್ತಾರೆ. ಇದನ್ನ ತಳ್ಳಿಹಾಕೋ ಹಾಗಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ಕೆಲವು ತಿಂಗಳು ಎಲ್ಲ ಕಡೆ ಹೋಗಿ ಕೂರೋದರಲ್ಲಿ ಲಾಭ ಇದೆ; ಯಾರು ಯಾರ ಮಾತು ಕೇಳ್ತಾರೆ ಅನ್ನೋದು ಇಮೇಲ್‌ನಲ್ಲಿ ಕಾಣಲ್ಲ. ಕಳಿಸೋಕೆ ಕೈಕೆಳಗೆ ಜನ ಇಲ್ಲದವರಿಗೂ ಈ ದಾರಿ ಅರ್ಧ ಮಾತ್ರ. ಅಂಥವರು ಅದೇ ಮೀಟಿಂಗ್‌ಗೆ ಹೇಗೂ ಹೋಗೋ ಸಹೋದ್ಯೋಗಿಯ ಹತ್ತಿರ ಒಂದೆರಡು ಅಂಶ ಕೊಟ್ಟು ಕಳಿಸಬಹುದು, ಅವರ ಒಪ್ಪಿಗೆ ಕೇಳಿ. ಅವರಿಗೂ ಒಂದು ದಿನ ರಜೆ ಬೇಕಾಗುತ್ತಲ್ಲ, ಆಗ ನೀವು ಅವರದ್ದನ್ನ ಒಯ್ಯಬೇಕು.

ಹುಡುಗ ಈಗ ತಿಂಗಳಿಗೆರಡು ಬುಧವಾರ ನನ್ನ ಬದಲು ಹೋಗ್ತಾನೆ. ಮಾರನೇ ದಿನ ಅವನು 11ಕ್ಕೆ ಬಂದರೆ ಯಾರೂ ಕೇಳಬಾರದು ಅಂತ ನಾನು ಮೊದಲೇ ಮ್ಯಾನೇಜರ್ ಹತ್ತಿರ ಮಾತಾಡಿದೀನಿ. ನನ್ನ ರಾತ್ರಿ ಉಳಿಸಿಕೊಳ್ಳೋಕೆ ಅವನ ರಾತ್ರಿ ಪುಕ್ಕಟೆ ತಗೊಳ್ಳೋದು ಸರಿ ಕಾಣಲಿಲ್ಲ.

ಇನ್ನು ನವೆಂಬರ್ ಬರ್ತಿದೆ. ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಿಡ್ತಾರೆ, ನಮ್ಮ 9:30ರ ಮೀಟಿಂಗ್ ತಾನಾಗಿಯೇ 10:30ಕ್ಕೆ ಜಾರುತ್ತೆ, ಮಾರ್ಚ್ ಎರಡನೇ ಭಾನುವಾರದವರೆಗೂ. ಅವರ ಬೆಳಗಿನ 8 ಗಂಟೆಗೆ ತಳ್ಳಿ, ಇಲ್ಲ ಚಳಿಗಾಲದ ನಾಲ್ಕು ತಿಂಗಳು ವಾರದ ವರದಿಯನ್ನ ಬರಹದಲ್ಲಿ ತಗೊಂಡು ತಿಂಗಳಿಗೊಂದು ಸಲ ಮಾತ್ರ ಕೂರೋಣ ಅಂತ ಪ್ರಾಡಕ್ಟ್ ಮ್ಯಾನೇಜರ್‌ಗೆ ಕಳೆದ ವಾರ ಬರೆದಿದೀನಿ. "ನೋಡೋಣ" ಅಂದಿದ್ದಾರೆ. ಅವರ "ನೋಡೋಣ"ಕ್ಕೆ ಏನರ್ಥ ಅಂತ ನನಗಿನ್ನೂ ಗೊತ್ತಾಗಿಲ್ಲ.